ನಿಲ್ಲಲು ಬರುತ್ತಿತ್ತು, ಕೂರಲು ಬರುತ್ತಿರಲಿಲ್ಲ

ಇಲ್ಲಿ ಬರೆಯುತ್ತಿರುವುದರಲ್ಲಿ ಒಂದಿಷ್ಟು ತಪ್ಪಿರಬಹುದು. ಮಗನಿಗೆ ಎಂಟು ತಿಂಗಳು ತುಂಬಿದಾಗಿನಿಂದ ಎಷ್ಟೋ ತಿಂಗಳು ನಾನು ಸರಿಯಾಗಿ ಮಲಗಲಿಲ್ಲ. ಮಲಗದವಳ ನೆನಪನ್ನು ಎಷ್ಟು ನಂಬಬೇಕೋ ನನಗೆ ಗೊತ್ತಿಲ್ಲ. ಡೈರಿ ಇದೆ, ಕಾಲೇಜಿನ ದಿನಗಳಿಂದ ಬರೆಯುತ್ತ ಬಂದಿದ್ದೇನೆ. ಆದರೆ ಆ ತಿಂಗಳುಗಳ ಪುಟಗಳಲ್ಲಿ ವಾಕ್ಯಗಳು ಅಪರೂಪ. ‘ನಾಲ್ಕು ಸಲ’, ‘ಆರು ಸಲ’, ‘ಲೆಕ್ಕ ತಪ್ಪಿತು’ ಅಂತಲೇ ಹೆಚ್ಚು. ರಾತ್ರಿ ಅವನು ಎಷ್ಟು ಸಲ ಎದ್ದ ಎಂಬುದು. ಯಾರು ಏನು ಹೇಳಿದರು, ಮೊದಲು ಯಾರು ಹೇಳಿದರು ಎಂಬುದನ್ನು ನಾನು ಬರೆದಿಟ್ಟಿಲ್ಲ. ಬರೆದಿಡಬೇಕಾಗಿದ್ದದ್ದು ಅದೇ ಆಗಿತ್ತು.

ಆಗ ನಾವು ಗಂಗಾವತಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಅಕ್ಕಿ ಗಿರಣಿಯೊಂದರಲ್ಲಿ ಮೇಲ್ವಿಚಾರಕರು. ಸುಗ್ಗಿ ಬಂತೆಂದರೆ ಅವರ ಮೈಯಿಂದ, ಮನೆಯ ಪರದೆಗಳಿಂದ, ಕೂಸಿನ ತಲೆಗೂದಲಿಂದಲೂ ಬೇಯಿಸಿದ ಭತ್ತದ ವಾಸನೆ. ಅತ್ತೆ ನವಲಿಯಿಂದ ಬಂದು ನಮ್ಮ ಜೊತೆಗೇ ಇದ್ದರು. ನಾನು ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಹೆರಿಗೆ ರಜೆ ಮುಗಿದು, ಅದರ ಬೆನ್ನಿಗೆ ಹಚ್ಚಿಕೊಂಡ ಎರಡು ತಿಂಗಳ ರಜೆಯೂ ಮುಗಿದು, ಮಗನಿಗೆ ಎಂಟು ತಿಂಗಳಾದಾಗ ಶಾಲೆಗೆ ಹೊರಟೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು.

ಅದಕ್ಕಿಂತ ಮುಂಚೆ ಅವನು ಚೆನ್ನಾಗಿಯೇ ಮಲಗುತ್ತಿದ್ದ. ರಾತ್ರಿ ಒಮ್ಮೆ ಎದ್ದು ಹಾಲು ಕುಡಿದರೆ ಮತ್ತೆ ಬೆಳಗಿನ ಕೋಳಿಗೇ ಏಳುವುದು. ಡೈರಿಯಲ್ಲಿ ಒಂದು ಪುಟವಿದೆ. ಮೇಲಿನ ಸಾಲು, ‘ಇವತ್ತು ಅಂಬೆಗಾಲಿಟ್ಟು ಅಡುಗೆಮನೆ ಹೊಸ್ತಿಲು ದಾಟಿದ. ಅತ್ತೆ ಹೊಸ್ತಿಲಿಗೆ ಕುಂಕುಮ ಹಚ್ಚಿ, ಕೊಬ್ಬರಿ ಬೆಲ್ಲ ಹಂಚಿದರು.’ ಕೆಳಗಿನ ಸಾಲು, ‘ರಾತ್ರಿ ಐದು ಸಲ. ಯಾಕೋ.’ ಎರಡು ಸಾಲುಗಳ ನಡುವೆ ಒಂದು ಬೆರಳಿನಷ್ಟೂ ಜಾಗವಿಲ್ಲ. ಆದರೂ ಆ ‘ಯಾಕೋ’ಗೆ ಉತ್ತರ ಮೇಲಿನ ಸಾಲಿನಲ್ಲೇ ಇದೆ ಅಂತ ನನಗೆ ಹೊಳೆಯಲಿಲ್ಲ.

ಅವನು ನಿದ್ದೆಯಲ್ಲೂ ಅಂಬೆಗಾಲಿಡುತ್ತಿದ್ದ. ಕಣ್ಣು ಮುಚ್ಚಿಕೊಂಡೇ ಬೋರಲಾಗಿ, ಅಂಗೈ ಮೊಣಕಾಲು ಊರಿ, ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ. ತೂಗಿ ತೂಗಿ ತೊಟ್ಟಿಲ ಪಟ್ಟಿಗೆ ಹಣೆ ಬಡಿದಾಗ ಎಚ್ಚರಾಗಿ ಅಳುತ್ತಿದ್ದ. ಎರಡು ವಾರ ಕಳೆಯುವಷ್ಟರಲ್ಲಿ ಏನನ್ನಾದರೂ ಹಿಡಿದು ಎದ್ದು ನಿಲ್ಲುವುದು ಶುರುವಾಯಿತು. ಸರಪಳಿಯಿಂದ ತೂಗುಬಿಟ್ಟ ತೊಟ್ಟಿಲಲ್ಲಿ ಅವನು ಅಂಚು ಹಿಡಿದು ನಿಂತದ್ದನ್ನು ಕಂಡ ದಿನವೇ ಅದನ್ನು ಬಿಚ್ಚಿಸಿ ನೆಲದ ಮೇಲೆ ಹಾಸಿಗೆ ಹಾಸಿದೆ. ನೆಲದ ಮೇಲಾದರೆ ಗೋಡೆ ಪಕ್ಕದ ಕಬ್ಬಿಣದ ಟ್ರಂಕು ಇತ್ತಲ್ಲ, ಅದನ್ನು ಹಿಡಿದು ನಿಂತ.

ನಿಲ್ಲುವುದು ಬಂದಿತ್ತು, ಕೂರುವುದು ಬಂದಿರಲಿಲ್ಲ. ಇದನ್ನು ಕಣ್ಣಾರೆ ಕಾಣದವರಿಗೆ ನಗು ಬರಬಹುದು. ಅರೆನಿದ್ದೆಯಲ್ಲೇ ಎದ್ದು ನಿಲ್ಲುವನು. ನಿಂತಮೇಲೆ ಇಳಿಯುವ ದಾರಿ ತಿಳಿಯದೆ, ಮೊಣಕಾಲು ನಡುಗುತ್ತ, ಟ್ರಂಕಿನ ಮುಚ್ಚಳವನ್ನು ಎರಡೂ ಕೈಯಿಂದ ಬಿಗಿದು ಕಿರುಚುವನು. ಹಿಡಿದು ಮಲಗಿಸಿದರೆ ಬೆನ್ನು ನೆಲಕ್ಕೆ ತಾಗುವುದರೊಳಗೆ ಹೊರಳಿ ಮತ್ತೆ ನಿಂತಿರುವನು. ಆಡಬೇಕೆಂದಲ್ಲ, ಅವನಿಗೂ ನಿದ್ದೆ ಬೇಕಾಗಿತ್ತು. ಕಾಲುಗಳು ಮಾತ್ರ ಕೇಳುತ್ತಿರಲಿಲ್ಲ.

ಹಗಲು ಇನ್ನೊಂದು ಕಾಟ ಶುರುವಾಗಿತ್ತು. ನಾನು ಕಣ್ಣಿಗೆ ಮರೆಯಾಗುವಂತಿರಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತಿದ್ದ. ಬೆಳಿಗ್ಗೆ ಶಾಲೆಗೆ ಹೊರಡುವುದು ಹೇಗೆ? ಅದಕ್ಕೆ ಅತ್ತೆಯ ಬಳಿ ಉಪಾಯವಿತ್ತು. ಅವರು ಅವನನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಪಕ್ಕದ ಮನೆಯ ಎಮ್ಮೆ ತೋರಿಸಬೇಕು, ಆಗ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮುಂಬಾಗಿಲಿಂದ ಜಾರಬೇಕು.

“ಕಣ್ಣ ತಪ್ಪಿಸಿ ಹೋಗವಾ. ಹೇಳಿ ಹೋದ್ರ ಅಳ್ತಾನ. ಹೇಳಲಾರದ ಹೋದ್ರ ಮರೀತಾನ,” ಅನ್ನುತ್ತಿದ್ದರು.

ನಮ್ಮ ಕಡೆ ಎಲ್ಲ ತಾಯಂದಿರೂ ಹೀಗೆಯೇ ಹೋಗುತ್ತಾರೆ. ಹೊಲಕ್ಕೆ, ಸಂತೆಗೆ, ಕೂಲಿಗೆ. ನನ್ನ ಅವ್ವನೂ ಹೀಗೆಯೇ ಹೋಗಿರಬೇಕು. ನಾನೂ ಹೋದೆ. ಮೊದಲ ದಿನ ಎದೆ ಹೊಡೆದುಕೊಂಡಿತ್ತು. ಆಮೇಲೆ ಚಪ್ಪಲಿ ಹಿಡಿದು ಹೆಜ್ಜೆ ಸಪ್ಪಳವಾಗದಂತೆ ನಡೆಯುವುದರಲ್ಲಿ ಪಳಗಿಬಿಟ್ಟೆ.

ಮನೆಯಲ್ಲಿ ಮಾಡದ ಉಪಚಾರವಿಲ್ಲ. ಅತ್ತೆ ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆ ಕಡ್ಡಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ಆಗಿದೆ ಅಂತ ಅರ್ಥ. ಆವತ್ತು ಘಾಟು ಬಂದು ಮನೆಮಂದಿಯೆಲ್ಲ ಕೆಮ್ಮಿದೆವು.

“ಹಂಗಾದ್ರ ದೃಷ್ಟಿ ಅಲ್ಲ, ಹಲ್ಲು,” ಅಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ.

“ಅವ್ವಾ, ಹಲ್ಲ ಬಂದು ತಿಂಗಳಾತು. ನಿನ್ನೆ ನನ್ನ ಬೆರಳ ಕಚ್ಯಾನ,” ಅಂದರು ನಮ್ಮವರು.

“ನಿನಗೇನ ಗೊತ್ತಲೇ? ಗಿರಣಿ ಒಳಗ ಮಲಗಿ ಬರಾಂವ.”

ಅದು ನಿಜವೂ ಆಗಿತ್ತು. ಸುಗ್ಗಿಯಲ್ಲಿ ಅವರು ಎಷ್ಟೋ ರಾತ್ರಿ ಗಿರಣಿಯಲ್ಲೇ ಉಳಿಯುತ್ತಿದ್ದರು.

ಶಾಲೆಯಲ್ಲಿ ನಾನು ಮಲಗಿದ ಮಧ್ಯಾಹ್ನದ ಬಗ್ಗೆ ನನಗೆ ಸಂಶಯವಿಲ್ಲ, ಏಕೆಂದರೆ ಅದಕ್ಕೆ ನಲವತ್ತು ಮಂದಿ ಸಾಕ್ಷಿ. ಊಟದ ನಂತರದ ಪಿರಿಯಡ್. ಪಾಠ ಮನಸ್ಸಿನಲ್ಲೇ ಓದಿಕೊಳ್ಳಿ ಅಂತ ಹೇಳಿ ಕುರ್ಚಿಯಲ್ಲಿ ಕುಳಿತವಳು ಗೋಡೆಗೆ ತಲೆ ಆನಿಸಿದೆ. ಗಂಟೆ ಹೊಡೆದಾಗ ಕಣ್ಣು ಬಿಟ್ಟರೆ, ಬಾಗಿಲನ್ನು ಯಾರೋ ಮುಂದಕ್ಕೆ ಎಳೆದಿದ್ದರು, ತರಗತಿಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಪಿಸುಗುಟ್ಟಿದಳು, “ಟೀಚರ್, ನಾವು ಗದ್ಲ ಮಾಡಿಲ್ರಿ.”

ಆದರೆ ಮುಖ್ಯ ಗುರುಗಳು ಕಿಟಕಿಯಿಂದ ಕಂಡಿದ್ದರು. ಸಂಜೆ ಕರೆದು ಕೂರಿಸಿ, ಸಿಟ್ಟಿಲ್ಲದೆಯೇ ಹೇಳಿದರು, “ಮನಿಯಾಗೊಂದು ಕೂಸು, ಇಲ್ಲಿ ನಲವತ್ತು ಕೂಸು. ಎಲ್ಲ್ಯಾರ ಒಂದ್ ಕಡಿ ಎಚ್ಚರಿರಬೇಕಲ್ರಿ ಮೇಡಂ.” ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅದೇ ವಾರ, ನವಲಿಯಲ್ಲಿ ಅತ್ತೆಯ ಹಿರಿಯ ಮೊಮ್ಮಕ್ಕಳಿಗೆ ಮಾಡಿದಂತೆ, ಮಗನನ್ನು ತಾಯಿಯ ಕಡೆಯ ಅಜ್ಜಿಯ ಮನೆಗೆ ಕಳಿಸಿ ಹಾಲು ಬಿಡಿಸುವ ಮಾತು ಬಂತು. ನಮ್ಮಲ್ಲಿ ಹೀಗೆ ಮಾಡುತ್ತಾರೆ. ತಾಯಿಯ ತವರಿಗೆ ಕೂಸನ್ನು ಕರೆದೊಯ್ದು, ಮಲಗಿದಾಗ ಅಲ್ಲಿ ಬಿಟ್ಟು ಬರುವುದು. ಹದಿನೈದು ಇಪ್ಪತ್ತು ದಿನ ತಾಯಿ ಮುಖ ತೋರಿಸಬಾರದು, ಫೋನಿನಲ್ಲಿ ದನಿಯನ್ನೂ ಕೇಳಿಸಬಾರದು. ಅಷ್ಟರಲ್ಲಿ ಹಾಲೂ ಮರೆಯುತ್ತದೆ, ರಾತ್ರಿ ಏಳುವುದೂ ಮರೆಯುತ್ತದೆ. ಆದರೆ ಅದನ್ನು ಮಾಡುವುದು ನಡೆದಾಡುವ, ಒಂದೂವರೆ ಎರಡು ವರ್ಷದ ಮಕ್ಕಳಿಗೆ. ನಮ್ಮವನಿಗೆ ಒಂಬತ್ತು ತುಂಬಿರಲಿಲ್ಲ.

ಈ ಮಾತನ್ನು ಅತ್ತೆ ಎತ್ತಿದರು. ಹಾಗಂತ ನನ್ನ ನೆನಪು. ಅಕ್ಕಿ ಆರಿಸುತ್ತ, ತಲೆ ಎತ್ತದೆ, “ಹನುಮಸಾಗರಕ್ಕ ನಿಮ್ಮವ್ವನ ಹಂತ್ಯಾಕ ಬಿಟ್ಟು ಬಾ,” ಅಂದಂತೆ ನೆನಪು. ಆ ಮೊರದ ಬಣ್ಣ ಕೂಡ ನನಗೆ ಕಾಣುತ್ತದೆ.

ಒಂಬತ್ತು ತಿಂಗಳು ತುಂಬಿದಾಗ ದಡಾರದ ಸೂಜಿ ಹಾಕಿಸಲು ಓಣಿಯ ಅಂಗನವಾಡಿಗೆ ಹೋದೆವು. ಸೂಜಿ ಹಾಕುವ ಸಿಸ್ಟರು ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ ನಕ್ಕರು.

“ಯಾರಿಗೆ ಹಾಕಲಿರಿ ಸೂಜಿ, ನಿಮಗೋ ಅವಗೋ?”

ಹೇಳಿಕೊಂಡೆ. ಅವರು ಜ್ವರ, ಕಿವಿ, ತೂಕ ಎಲ್ಲ ನೋಡಿದರು. ಊಟ ಕೇಳಿದರು. ಆಮೇಲೆ ಅವನನ್ನು ನೆಲಕ್ಕೆ ಬಿಟ್ಟರು. ಅವನು ಬೆಂಚಿನ ಕಾಲು ಹಿಡಿದು ಎದ್ದು ನಿಂತ, ನಿಂತು ನನ್ನತ್ತ ತಿರುಗಿ ನೋಡಿದ.

“ನೋಡ್ರಿ, ಕೂಡಾಕ ಬರವಲ್ದು,” ಅಂದರು ಸಿಸ್ಟರು.

“ಹಲ್ಲಿನ ಬಾಧಿರಿ ಇದು,” ಅಂದರು ಅತ್ತೆ.

“ಹಲ್ಲಿಂದಲ್ಲಮ್ಮಾ, ಕಾಲಿಂದು. ಹಗಲೆಲ್ಲಾ ಕಲತದ್ದನ್ನ ರಾತ್ರಿನೂ ಮಾಡ್ತಾವು ಈ ವಯಸ್ಸಿನಾಗ. ಹಗಲೊತ್ತು ಭಾಳ ಹೊತ್ತು ನೆಲದ ಮ್ಯಾಲ ಬಿಡ್ರಿ. ನಿಂತಾಗ ಹಿಂದಿನಿಂದ ಎರಡೂ ಮೊಣಕಾಲು ಮೆಲ್ಲಕ ಮಡಚಿ ಕುಂದರ್ಸೋದು ಕಲಸ್ರಿ. ಅದೊಂದು ಬಂತಂದ್ರ ಅರ್ಧ ಅಳು ಹೋತು.”

“ಮತ್ತ ನನ್ನ ಬಿಡವಲ್ಲ,” ಅಂದೆ.

“ಹೆಂಗ ಬಿಡ್ತಾನ? ಮೊದಲ ನೀವು ಕಾಣದಿದ್ರ ಇಲ್ಲಂತ ಬಿಡ್ತಿದ್ದ. ಈಗ ತಿಳದೈತಿ, ಕಾಣದಿದ್ರೂ ಎಲ್ಲೋ ಅದಾಳಂತ. ಆದ್ರ ಬರ್ತಾಳೋ ಇಲ್ಲೋ ಅದು ತಿಳದಿಲ್ಲ.” ಸೂಜಿಗೆ ಔಷಧ ತುಂಬುತ್ತ ಕೇಳಿದರು, “ಸಾಲಿಗೆ ಹೋಗುಮುಂದ ಹೇಳಿ ಹೋಗ್ತೀರೇನು?”

ಅತ್ತೆ ಬಗ್ಗಿ ಕೂಸನ್ನು ಎತ್ತಿಕೊಂಡರು.

“ಹಗಲೊತ್ತು ನೀವು ಗಾಳಿ ಹೋದಂಗ ಹೋದ್ರ ರಾತ್ರಿ ಅಂವ ಕಾವಲ ಕಾಯ್ತಾನ್ರಿ. ಅಳಲಿ, ಹೇಳಿ ಹೋಗ್ರಿ, ಸಂಜಿ ಬಂದು ಮಾರಿ ತೋರಸ್ರಿ. ಸೆರಗಿನಾಗ ಮಾರಿ ಮುಚ್ಚಿ ತಗದು ಆಡಸ್ರಿ. ರಾತ್ರಿ ಎದ್ರ ದೀಪ ಹಚ್ಚಬ್ಯಾಡ್ರಿ, ಆಟ ಬ್ಯಾಡ. ಹಂತ್ಯಾಕ ಅದೀನಿ ಅಂತ ಕೈಯಾಡಸಿ ಮಲಗಸ್ರಿ. ಕೆಲವು ವಾರದಾಗ ತಾನ ಕಡಿಮಿ ಆಕ್ಕೈತಿ. ಒಂದ ಮಾತ್ರ, ಈಗ ಏನೂ ದೊಡ್ಡದು ಬದಲಿ ಮಾಡಬ್ಯಾಡ್ರಿ. ಹಾಲೂ ಬಿಡಸಬ್ಯಾಡ್ರಿ.”

ಆ ದಿನ ನಾನು ಹನುಮಸಾಗರದ ವಿಷಯ ಹೇಳಲಿಲ್ಲ. ಅವ್ವನಿಗೆ ಫೋನು ಮಾಡಿ ಆಗಿತ್ತು. ಅಮಾವಾಸ್ಯೆ ಮುಂದಿರುವಾಗ ಕೂಸನ್ನು ಬಿಡಬಾರದು, ಅದು ಕಳೆಯಲಿ ಅಂತ ದಿನವೂ ಗೊತ್ತಾಗಿತ್ತು. ಸಿಸ್ಟರು ಹೇಳಿದ್ದು ನನಗೆ ಅರ್ಥವಾಗಿತ್ತು. ಓದಿದವಳು ನಾನು, ಮನೆಯಲ್ಲಿ ಬೇರೆ ಯಾರಿಗೂ ಅರ್ಥವಾಗದಿದ್ದರೂ ನನಗೆ ಆಗಿತ್ತು. ಅಮಾವಾಸ್ಯೆವರೆಗಿನ ದಿನಗಳಲ್ಲಿ ಅವರು ಹೇಳಿದಂತೆ ಮಾಡಿಯೂ ಮಾಡಿದೆ. ಟ್ರಂಕಿನ ಮುಂದೆ ಕೂತು ಅವನ ಮೊಣಕಾಲು ಮಡಚಿದೆ, ನೂರು ಸಲ. ಬೆಳಿಗ್ಗೆ ಕೆನ್ನೆಗೆ ಕೆನ್ನೆ ಹಚ್ಚಿ “ಹೋಗಿ ಬರ್ತೀನಿ” ಅಂದು ಅವನ ಅಳುವನ್ನು ಬೆನ್ನ ಮೇಲೆ ಹೊತ್ತು ನಡೆದೆ. ಡೈರಿಯಲ್ಲಿ ಹೊರಡುವ ಹಿಂದಿನ ದಿನದ ಪುಟ ಹೀಗಿದೆ: ‘ಮೂರು ಸಲ. ಸಂಜೆ ಒಮ್ಮೆ ತಾನೇ ಕುಳಿತ. ಕುಳಿತು ಚಪ್ಪಾಳೆ ತಟ್ಟಿದ.’

ಇದನ್ನು ಬರೆದವಳು ಮರುದಿನ ಬಸ್ಸು ಹತ್ತಿದಳು.

ತಾವರಗೇರಾ, ಕುಷ್ಟಗಿ ದಾಟಿ ಹನುಮಸಾಗರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ದಾರಿಯುದ್ದಕ್ಕೂ ಅವನು ನನ್ನ ತೊಡೆಯ ಮೇಲೆ ನಿಂತು ಕಿಟಕಿಯ ಸರಳು ಹಿಡಿದು ಕುಣಿದ. ಅವ್ವನ ಮನೆಯಲ್ಲಿ ಹೊಸ ಜಾಗ, ಹೊಸ ಮುಖಗಳು, ನನ್ನ ಸೆರಗು ಬಿಡಲೇ ಇಲ್ಲ. ಹಾಲು ಕುಡಿಯುತ್ತ ನಿದ್ದೆಹೋದ. ಅವ್ವ ನಾನು ಉಟ್ಟಿದ್ದ ಸೀರೆ ಬಿಚ್ಚಿಸಿಕೊಂಡು ಅವನ ಮಗ್ಗುಲಿಗೆ ಮಡಚಿ ಇಟ್ಟಳು, ವಾಸನೆಗೆ.

“ನಡಿ ಇನ್ನ. ಹೊಳ್ಳಿ ನೋಡಬ್ಯಾಡ,” ಅಂದಳು.

ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳ ದಾಟಿದೆ. ಆ ವಿದ್ಯೆ ನನಗೆ ಬಂದಿತ್ತಲ್ಲ.

ಆ ರಾತ್ರಿಯ ಬಗ್ಗೆ ಡೈರಿ ಸುಳ್ಳು ಹೇಳುವುದಿಲ್ಲ. ‘ಏಳು ತಾಸು ಮಲಗಿದೆ. ಒಮ್ಮೆಯೂ ಎಚ್ಚರವಾಗಲಿಲ್ಲ.’ ಎಚ್ಚರವಾಗಬೇಕಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ತಾಯಿಯ ಕರುಳಿಗೆ ಗೊತ್ತಾಗುತ್ತದೆ ಅನ್ನುತ್ತಾರೆ. ನನ್ನ ಕರುಳಿಗೆ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಎದ್ದಾಗ ಎದೆ ಕಲ್ಲಾಗಿ ರವಿಕೆ ನೆಂದಿತ್ತು, ಅಷ್ಟೇ. ಅತ್ತೆ ಮಲ್ಲಿಗೆ ಮೊಗ್ಗು ತರಿಸಿ ಬಟ್ಟೆಯಲ್ಲಿ ಹಾಕಿ ಎದೆಗೆ ಕಟ್ಟಿದರು, ಹಾಲು ಇಂಗಲಿ ಅಂತ. ಇಂಗಲು ವಾರ ಹಿಡಿಯಿತು. ಮಲ್ಲಿಗೆಯ ವಾಸನೆ ನನಗೆ ಈಗಲೂ ಆಗುವುದಿಲ್ಲ.

ಶಾಲೆಯ ಬಿಡುವಿನಲ್ಲಿ ದಿನಾ ಅವ್ವನಿಗೆ ಫೋನು ಮಾಡುತ್ತಿದ್ದೆ. ಅವಳು ಅವನಿಗೆ ಕೇಳಿಸದ ಹಾಗೆ ಹೊರಗೆ ಬಂದು ಮಾತಾಡುತ್ತಿದ್ದಳು.

“ಅರಾಮ ಅದಾನವಾ. ಗಡದ್ದಾಗಿ ಮಲಗ್ತಾನ.”

“ನಿಲ್ತಾನೇನ ರಾತ್ರಿ?”

“ಇಲ್ಲವಾ. ನೀ ನಿನ್ನ ಸಾಲಿ ನೋಡ್ಕೋ.”

ಇಪ್ಪತ್ತೊಂದನೆಯ ದಿನ ಕರೆತರಲು ಹೋದೆ. ಅವ್ವನ ಸೊಂಟದ ಮೇಲಿದ್ದ. ನನ್ನನ್ನು ನೋಡಿದ. ಗುರುತು ಸಿಗಲಿಲ್ಲ ಅನ್ನಲಾರೆ, ಬಹಳ ಹೊತ್ತು ನೋಡಿದ. ಆಮೇಲೆ ಅವ್ವನ ಹೆಗಲಿಗೆ ಮುಖ ಒತ್ತಿಕೊಂಡ. ಕೈ ಚಾಚಿದರೆ ಇನ್ನೂ ಒಳಗೆ ಒತ್ತಿಕೊಂಡ. “ನಿಮ್ಮವ್ವನೋ, ನಿಮ್ಮವ್ವ ಬಂದಾಳ,” ಅಂತ ಅವ್ವ ಅವನನ್ನು ಕಿತ್ತು ನನ್ನ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಅವನು ಕಿಟಕಿಯ ಸರಳು ಹಿಡಿಯಲಿಲ್ಲ.

ಗಂಗಾವತಿಯಲ್ಲಿ ಎರಡು ರಾತ್ರಿ ಮಲಗಿದ. ಅತ್ತೆ ಗೆದ್ದವರಂತೆ, “ನೋಡು, ಎಷ್ಟ್ ಶ್ಯಾಣ್ಯಾ ಆಗ್ಯಾನ,” ಅಂದರು. ಮೂರನೆಯ ರಾತ್ರಿ ಎದ್ದ. ಮೊದಲಿಗಿಂತ ಹೆಚ್ಚು. ಈಗ ಕೂರುವುದು ಚೆನ್ನಾಗಿ ಬರುತ್ತಿತ್ತು, ಹಾಗಾಗಿ ಅದಕ್ಕೆ ಅಳುತ್ತಿರಲಿಲ್ಲ. ಅಂಬೆಗಾಲಿಟ್ಟು ಬಾಗಿಲ ತನಕ ಹೋಗಿ, ಚೌಕಟ್ಟು ಹಿಡಿದು ನಿಂತು, ಬಾಗಿಲಿಗೆ ಬಾಯಿಟ್ಟು ಅಳುತ್ತಿದ್ದ. ನಾನು ಎತ್ತಿಕೊಂಡರೆ ನನ್ನ ಹೆಗಲ ಮೇಲಿಂದ ಬಾಗಿಲನ್ನೇ ನೋಡುತ್ತಿದ್ದ. ಅವನು ಹುಡುಕುತ್ತಿದ್ದದ್ದು ನನ್ನನ್ನಲ್ಲ. ಇಪ್ಪತ್ತೊಂದು ದಿನಗಳಲ್ಲಿ ಅವನಿಗೆ ನನ್ನ ಅವ್ವನೇ ಅವ್ವ ಆಗಿದ್ದಳು. ಅವಳನ್ನೂ ನಾನು ಹೇಳದೆ ಕೇಳದೆ ಕಸಿದಿದ್ದೆ. ಎದೆಗೆ ಹಚ್ಚಿಕೊಂಡೆ. ಬಾಯಿ ಹಾಕಿ, ಏನೂ ಬಾರದ್ದಕ್ಕೆ ಬಿಟ್ಟು, ಮತ್ತೆ ಬಾಗಿಲು ನೋಡಿದ. ಆ ಬಾರಿ ಅದು ಕೆಲವು ವಾರಗಳಲ್ಲಿ ಮುಗಿಯಲಿಲ್ಲ.

ಕಳಿಸದೆ ಇದ್ದಿದ್ದರೆ ಮುಗಿಯುತ್ತಿತ್ತೇ? ಸಿಸ್ಟರು ಹಾಗೆ ಹೇಳಿದ್ದರು, ಡೈರಿಯ ಕೊನೆಯ ‘ಮೂರು ಸಲ’ ಹಾಗೆ ಹೇಳುತ್ತದೆ. ಆದರೆ ನಡೆಯದೇ ಹೋದದ್ದನ್ನು ಯಾವ ಡೈರಿಯಲ್ಲಿ ಹುಡುಕಲಿ? ಅವನಿಗೀಗ ಐದು ವರ್ಷ. ಮಲಗುತ್ತಾನೆ. ಎಲ್ಲ ಮಕ್ಕಳೂ ಒಂದು ದಿನ ಮಲಗುತ್ತವೆ. ನಡುರಾತ್ರಿ ಬೆದರಿ ಎದ್ದರೆ ಅವನು ಕರೆಯುವುದು ಅಪ್ಪನನ್ನು, ಇಲ್ಲವೇ ಹನುಮಸಾಗರದ ಅಜ್ಜಿಯನ್ನು. ನಾನು ಪಕ್ಕದಲ್ಲೇ ಇರುತ್ತೇನೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲದಿರಬಹುದು. ಇದೆ ಅಂತ ನಂಬಿಬಿಡುವುದು ನನಗೆ ಒಂದು ರೀತಿಯ ಸಮಾಧಾನವೂ ಆಗಿರಬಹುದು.

ಹೋದ ವರ್ಷ ಯಾವುದೋ ಮಾತಿಗೆ ನಮ್ಮವರ ಮುಂದೆ, “ನಿಮ್ಮವ್ವ ಹೇಳಿದ್ದಕ್ಕ ನಾ ಕೂಸಿನ್ನ ಬಿಟ್ಟ ಬಂದೆ,” ಅಂದೆ.

ಅವರು ಅಂಗಿಯ ಗುಂಡಿ ಹಾಕುತ್ತಿದ್ದವರು ನಿಂತರು. “ಅವ್ವ ಎಲ್ಲಿ ಹೇಳಿದ್ಲು? ನೀನ ಅಂದಿ. ಮುಖ್ಯ ಗುರುಗಳು ಕರದು ಹೇಳಿದ ದಿನ, ಸಾಲಿಂದ ಬಂದು ರಾತ್ರಿ ಅಡಗಿಗೆ ಕುಂತಾಗ ಅಂದಿ. ಅವ್ವ, ಇನ್ನೂ ಸಣ್ಣಂವ ಅದಾನ, ಇಷ್ಟ್ ಲಗೂ ಬ್ಯಾಡ ಅಂದ್ಲು.”

“ಅಕ್ಕಿ ಆರಿಸ್ತಿದ್ರಲ್ಲ ಅತ್ತಿ?”

“ಅಕ್ಕಿ ನೀ ಆರಿಸ್ತಿದ್ದಿ.”

ಅತ್ತೆ ಈಗಿಲ್ಲ. ಕೇಳಲು ಯಾರೂ ಇಲ್ಲ. ಆ ಮೊರ ಮಾತ್ರ ನನಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಮೇಲಿನಿಂದ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡವರಿಗೆ ಕಾಣುವ ಹಾಗೆ.

ಈ ಸಲ ಬೇಸಿಗೆ ರಜೆಗೆ ಹನುಮಸಾಗರಕ್ಕೆ ಹೋದಾಗ ಪಕ್ಕದ ಮನೆಯ ಮುದುಕಿ ಮಗನ ಗಲ್ಲ ಹಿಡಿದು ಮುದ್ದು ಮಾಡಿ ನಕ್ಕಳು.

“ಇವನ ಅಲ್ಲೇನ ಅಂವ? ಯವ್ವಾ, ಏನ ಅತ್ತಿದ್ದೋ ಅವತ್ತು, ನಿಮ್ಮವ್ವ ಬಿಟ್ಟು ಹೋದ ರಾತ್ರಿ! ಹೊರಸಿನ ಕಾಲ ಹಿಡದು ಬಾಗಲ ಕಡಿ ಮಾರಿ ಮಾಡಿ ನಿಂತಿದ್ದ ನೋಡವಾ. ಕುಂದರ್ಸಿದ್ರ ಕೂಡವಲ್ಲ. ನಮ್ಮನಿ ಮಂದಿಯೆಲ್ಲಾ ಎದ್ದು ಬಂದಿದ್ವಿ.”

ಅವ್ವ ಒಳಗಿನಿಂದ ಜೋರಾಗಿ, “ಚಾ ಆರ್ತೈತಿ, ಬರ್ರಿ,” ಅಂತ ಕೂಗಿದಳು.

ಮುದುಕಿ ಹೋದಮೇಲೆ ಅವ್ವ ರೊಟ್ಟಿ ತಟ್ಟಲು ಕೂತಳು. ನಾನು ಒಲೆಯ ಈಚೆ ಕೂತೆ. ಅವನು ಕೂರುವುದು ಕಲಿತಿದ್ದ. ಹಿಂದಿನ ದಿನವೇ ಕಲಿತಿದ್ದ, ಚಪ್ಪಾಳೆ ತಟ್ಟಿದ್ದ, ಡೈರಿಯಲ್ಲಿದೆ. ಅಂದರೆ ಆ ರಾತ್ರಿ ಮಂಚದ ಕಾಲು ಹಿಡಿದು ಕೂರಲು ಬಾರದೆ ನಿಂತದ್ದೋ, ಬಾಗಿಲು ಕಾಯಲು ನಿಂತದ್ದೋ? ಅವ್ವನ ಮುಖಕ್ಕೆ ಬೆಂಕಿಯ ಝಳ ಬಡಿಯುತ್ತಿತ್ತು.

“ಅವ್ವಾ, ಅವತ್ತ ರಾತ್ರಿ ಅಂವ ಎಷ್ಟ್ ಹೊತ್ತು ನಿಂತಿದ್ದ?”

ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ಅದನ್ನು ತಿರುವಿ ಹಾಕಿದಳು. ಇನ್ನೊಂದು ಉಂಡೆ ತೆಗೆದುಕೊಂಡು ತಟ್ಟತೊಡಗಿದಳು.